9.86 ಲಕ್ಷದ ಕಾರು 12.67 ಲಕ್ಷ ಆಗುವುದು ಹೀಗೆ

ಬೆಂಗಳೂರಿನ ಶೋರೂಂನಲ್ಲಿ ನನಗೆ ಕೊಟ್ಟ ಕೊಟೇಶನ್‌ನಲ್ಲಿ ಎಕ್ಸ್ ಶೋರೂಂ ಬೆಲೆ 9,86,000 ರೂಪಾಯಿ ಇತ್ತು. ಕೆಳಗಿನ ಸಾಲಿನಲ್ಲಿ ಆನ್ ರೋಡ್ ಬೆಲೆ 12,67,100. ನಡುವಿನ 2,81,100 ರೂಪಾಯಿಯಲ್ಲಿ ಸರ್ಕಾರಕ್ಕೆ ಹೋಗುವುದೆಷ್ಟು, ಇನ್ಶೂರೆನ್ಸ್ ಕಂಪನಿಗೆಷ್ಟು, ಶೋರೂಂನವರಿಗೇ ಉಳಿಯುವುದೆಷ್ಟು ಅಂತ ಬಿಡಿಸಿ ನೋಡಿದ ಮೇಲೆಯೇ ಮುಂಗಡ ಕೊಟ್ಟೆ.

ಮೊದಲು ನೋಡಿದ್ದು ಆರ್‌ಟಿಒ ಸಾಲು. ಅದರಲ್ಲಿ 1,62,500 ಅಂತ ಇತ್ತು. ಇದು ನಾವೇ ಲೆಕ್ಕ ಹಾಕಬಹುದಾದ ಮೊತ್ತ. ನಾನು ಕೊಂಡಾಗ ಕರ್ನಾಟಕದಲ್ಲಿ ಪೆಟ್ರೋಲ್ ಕಾರಿನ ಬೆಲೆ 5ರಿಂದ 10 ಲಕ್ಷದೊಳಗಿದ್ದರೆ ಲೈಫ್ ಟ್ಯಾಕ್ಸ್ ಶೇ 14. ಆ ತೆರಿಗೆಯ ಮೇಲೆ ಮತ್ತೆ ಶೇ 11 ಸೆಸ್. ನನ್ನ ಕಾರಿಗೆ ಶೇ 14 ಅಂದರೆ 1,38,040, ಸೆಸ್ ಸೇರಿ 1,53,224. ಸಾವಿರ ರೂಪಾಯಿಯ ಇನ್ನೊಂದು ಸೆಸ್, 600 ರೂಪಾಯಿ ನೋಂದಣಿ ಶುಲ್ಕ, ಸಾಲದ ಕಾರಾದ್ದರಿಂದ ಬ್ಯಾಂಕಿನ ಹೆಸರು ಸೇರಿಸಲು 1,500, ಸ್ಮಾರ್ಟ್ ಕಾರ್ಡ್ 200. ಚಿಲ್ಲರೆ ಖರ್ಚೆಲ್ಲ ಸೇರಿಸಿದರೂ 1,57,000 ದಾಟಲ್ಲ. ಉಳಿದ ಐದೂವರೆ ಸಾವಿರ ಏನು ಅಂತ ಕೇಳಿದರೆ "ಅದು ಏಜೆಂಟ್ ಖರ್ಚು ಸರ್" ಎಂದರು. ಆರ್‌ಟಿಒ ರಸೀದಿಯಲ್ಲಿ ಇರುವಷ್ಟನ್ನೇ ಕೊಡುತ್ತೇನೆ ಎಂದೆ. ತೆರಿಗೆ ಕಟ್ಟಿದ ಮೇಲೆ ಆನ್‌ಲೈನ್ ರಸೀದಿ ಬರುತ್ತದೆ. ಅದರಲ್ಲಿ ತೆರಿಗೆ, ಸೆಸ್, ಶುಲ್ಕ ಎಲ್ಲ ಬೇರೆ ಬೇರೆ ಇರುತ್ತವೆ. ಆ ರಸೀದಿಯ ಮಾತು ಎತ್ತಿದ ಕೂಡಲೇ ಐದೂವರೆ ಸಾವಿರ ಮಾಯವಾಯಿತು.

ಈ ಸಾಲಿನಲ್ಲೇ ಇನ್ನೊಂದು ದೊಡ್ಡ ವಿಷಯ ಅಡಗಿದೆ. ಸೇಲ್ಸ್ ಹುಡುಗ ನನಗೆ ಡ್ಯುಯಲ್ ಟೋನ್ ಬಣ್ಣ ತೋರಿಸಿ, "ಬರೀ 16,000 ಜಾಸ್ತಿ ಸರ್, ಮೇಲ್ಛಾವಣಿ ಕಪ್ಪು ಬರುತ್ತೆ, ಸಖತ್ತಾಗಿರುತ್ತೆ" ಎಂದ. ನಿಜವಾಗಿಯೂ ಚೆನ್ನಾಗಿತ್ತು. ಆದರೆ 16,000 ಸೇರಿದರೆ ಎಕ್ಸ್ ಶೋರೂಂ ಬೆಲೆ 10,02,000 ಆಗುತ್ತದೆ. 10 ಲಕ್ಷ ದಾಟಿದ ಕಾರಿಗೆ ತೆರಿಗೆ ಶೇ 17. ಅದೂ ದಾಟಿದ ಎರಡು ಸಾವಿರಕ್ಕೆ ಮಾತ್ರವಲ್ಲ, ಪೂರ್ತಿ ಬೆಲೆಗೆ. ಸೆಸ್ ಸೇರಿ ತೆರಿಗೆ 1,89,077. ಅಂದರೆ ತೆರಿಗೆಯಲ್ಲೇ 35,853 ರೂಪಾಯಿ ಹೆಚ್ಚು. ಸಾಲದ್ದಕ್ಕೆ 10 ಲಕ್ಷ ದಾಟಿದ ಕಾರಿಗೆ ಡೀಲರ್ ಶೇ 1 ಟಿಸಿಎಸ್ ಕೂಡ ವಸೂಲಿ ಮಾಡಬೇಕು. ಅದು ಇನ್ನೊಂದು ಹತ್ತು ಸಾವಿರ. ಟಿಸಿಎಸ್ ನಿಮ್ಮ ಪ್ಯಾನ್ ಹೆಸರಿನಲ್ಲಿ ಜಮಾ ಆಗುವುದರಿಂದ ಆದಾಯ ತೆರಿಗೆ ರಿಟರ್ನ್ಸ್ ಹಾಕುವಾಗ ಹೊಂದಿಸಿಕೊಳ್ಳಬಹುದು. ಆದರೆ ಕೊಳ್ಳುವ ದಿನ ಕೈಯಿಂದ ಕೊಡಲೇಬೇಕು. ಒಟ್ಟಿನಲ್ಲಿ ಹದಿನಾರು ಸಾವಿರದ ಬಣ್ಣಕ್ಕೆ ಅರವತ್ತು ಸಾವಿರದ ಮೇಲೆ ಖರ್ಚು! ಹುಡುಗನಿಗೆ ಇದು ಗೊತ್ತಿತ್ತೋ ಇಲ್ಲವೋ, ಹೇಳಲಂತೂ ಇಲ್ಲ. ನಾನು ಪೂರ್ತಿ ಬಿಳಿ ಕಾರನ್ನೇ ಆರಿಸಿಕೊಂಡೆ. ನಿಮ್ಮ ಕಾರಿನ ಬೆಲೆ 10 ಲಕ್ಷದ ಆಸುಪಾಸಿನಲ್ಲಿದ್ದರೆ ಯಾವ ವೇರಿಯಂಟ್, ಯಾವ ಬಣ್ಣ ಗಡಿ ದಾಟಿಸುತ್ತದೆ ಅಂತ ಮೊದಲು ನೋಡಿ.

ಇನ್ನು ಇನ್ಶೂರೆನ್ಸ್. ಕೊಟೇಶನ್‌ನಲ್ಲಿ 51,400 ಇತ್ತು. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅದರ ದರ ಎಲ್ಲ ಕಂಪನಿಗಳಲ್ಲೂ ಒಂದೇ. ನಾನು ಕೊಂಡಾಗ 1,000ರಿಂದ 1,500 ಸಿಸಿ ಕಾರಿಗೆ 10,640, ಜಿಎಸ್‌ಟಿ ಸೇರಿ ಹನ್ನೆರಡೂವರೆ ಸಾವಿರ. ಇದರಲ್ಲಿ ಚೌಕಾಸಿ ಇಲ್ಲ. ಚೌಕಾಸಿಗೆ ಜಾಗ ಇರುವುದು ನಮ್ಮದೇ ಕಾರಿನ ಹಾನಿಗೆ ಸಿಗುವ ಒಂದು ವರ್ಷದ ಓನ್ ಡ್ಯಾಮೇಜ್ ಭಾಗದಲ್ಲಿ ಮತ್ತು ಆಡ್-ಆನ್‌ಗಳಲ್ಲಿ. ಹೋಲಿಸುವಾಗ ಐಡಿವಿ, ಅಂದರೆ ಕಾರಿಗೆ ಕಟ್ಟುವ ವಿಮಾ ಮೌಲ್ಯ, ಎರಡೂ ಕಡೆ ಒಂದೇ ಇರಬೇಕು. ಹೊಸ ಕಾರಿಗೆ ಅದು ಸಾಮಾನ್ಯವಾಗಿ ಎಕ್ಸ್ ಶೋರೂಂ ಬೆಲೆಯ ಶೇ 95. ಐಡಿವಿ ಇಳಿಸಿ ಪ್ರೀಮಿಯಂ ಕಡಿಮೆ ತೋರಿಸುವುದು ಹಳೇ ಚಾಳಿ.

ಅದೇ ಐಡಿವಿ, ಬಿಡಿಭಾಗಗಳ ಸವಕಳಿ ಕಳೆಯದೆ ಕ್ಲೇಮ್ ಕೊಡುವ ಅದೇ ಝೀರೋ ಡೆಪ್ರಿಸಿಯೇಶನ್ ಮತ್ತು ಎಂಜಿನ್ ಪ್ರೊಟೆಕ್ಷನ್ ಇಟ್ಟುಕೊಂಡು ಹೊರಗೆ ಕೇಳಿದರೆ 31,500 ಬಂತು. ಶೋರೂಂನವರ ಪಟ್ಟಿಯಲ್ಲಿ ಕೀ ಕಳೆದರೆ, ಟೈರ್ ಹಾಳಾದರೆ ಅಂತೆಲ್ಲ ಇನ್ನಷ್ಟು ಆಡ್-ಆನ್ ಇದ್ದವು. ಅವನ್ನು ತೆಗೆಸಿದೆ. ಮಳೆ ಬಂದರೆ ನಮ್ಮ ರಸ್ತೆಯಲ್ಲಿ ಮೊಣಕಾಲುದ್ದ ನೀರು ನಿಲ್ಲುವುದರಿಂದ ಎಂಜಿನ್ ಪ್ರೊಟೆಕ್ಷನ್ ಮಾತ್ರ ಬಿಡಲಿಲ್ಲ. ಹೊರಗಿನ ದರ ತೋರಿಸಿದಾಗ ಅವರು 34,000ಕ್ಕೆ ಇಳಿದರು. ವಿಮೆ ಶೋರೂಂನಲ್ಲೇ ತೆಗೆದುಕೊಳ್ಳಬೇಕೆಂದು ಅವರು ಒತ್ತಾಯ ಮಾಡುವಂತಿಲ್ಲ. ಆದರೂ ಅಲ್ಲೇ ಮಾಡಿಸಿದೆ. ಕ್ಲೇಮ್ ಬಂದಾಗ ಅವರದೇ ವರ್ಕ್‌ಶಾಪ್‌ಗೆ ಹೋಗುವವನು ನಾನು. ಎರಡೂವರೆ ಸಾವಿರದ ವ್ಯತ್ಯಾಸಕ್ಕೆ ಓಡಾಟ ಬೇಡ ಅನ್ನಿಸಿತು.

ಎಕ್ಸ್‌ಟೆಂಡೆಡ್ ವಾರಂಟಿಯದ್ದು ಬೇರೆಯೇ ಆಟ. "ಡೆಲಿವರಿ ಒಳಗೆ ತಗೊಳ್ಳದಿದ್ದರೆ ಆಮೇಲೆ ಸಿಗಲ್ಲ ಸರ್" ಎಂದರು. ಕಂಪನಿಯ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಕೇಳಿದೆ. ಮೂಲ ವಾರಂಟಿ ಮುಗಿಯುವವರೆಗೂ ಕೊಳ್ಳಬಹುದು, ಆದರೆ ತಿಂಗಳು ಕಳೆದಂತೆ ಹಂತ ಹಂತವಾಗಿ ಬೆಲೆ ಏರುತ್ತದೆ ಎಂದರು. ಹೆಚ್ಚಿನ ಕಂಪನಿಗಳ ಪದ್ಧತಿ ಇದೇ. ಕೊಟೇಶನ್‌ನಲ್ಲಿ ನಾಲ್ಕನೇ ಮತ್ತು ಐದನೇ ವರ್ಷಕ್ಕೆ 19,500 ಇತ್ತು, ಅದೇ ಪ್ಲಾನ್ ಕಂಪನಿಯ ಆ್ಯಪ್‌ನಲ್ಲಿ 15,600.

ನಾನು ಅದನ್ನು ಕೊಂಡೆ. ನನ್ನದು ಆಟೋಮ್ಯಾಟಿಕ್, ಏಳೆಂಟು ವರ್ಷ ಇಟ್ಟುಕೊಳ್ಳುವ ಯೋಚನೆ. ಗೇರ್‌ಬಾಕ್ಸೋ ಎಲೆಕ್ಟ್ರಾನಿಕ್ ಮಾಡ್ಯೂಲೋ ಕೈಕೊಟ್ಟರೆ ಒಂದೇ ಬಿಲ್ಲು ಈ ಮೊತ್ತವನ್ನು ದಾಟುತ್ತದೆ. ಮೂರ್ನಾಲ್ಕು ವರ್ಷಕ್ಕೆ ಮಾರುವವರಿಗೆ ಇದರಿಂದ ಹೆಚ್ಚು ಉಪಯೋಗವಿಲ್ಲ. ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ವೈಪರ್, ಟೈರುಗಳಂಥ ಸವೆಯುವ ಭಾಗಗಳು ಇದರಲ್ಲಿ ಬರುವುದಿಲ್ಲ. ನಿಗದಿತ ಸರ್ವಿಸ್ ತಪ್ಪಿಸಿದರೆ ಅಥವಾ ಹೊರಗಡೆ ವೈರಿಂಗ್ ಕತ್ತರಿಸಿ ಲೈಟು, ಸ್ಪೀಕರ್ ಹಾಕಿಸಿದರೆ ಕ್ಲೇಮ್ ನಿಲ್ಲಿಸಲು ಅವರಿಗೆ ಕಾರಣ ಸಿಗುತ್ತದೆ. ವಾರಂಟಿ ಕೊಡುತ್ತಿರುವುದು ಕಾರು ತಯಾರಿಸಿದ ಕಂಪನಿಯೋ, ಡೀಲರ್ ತಂದ ಮೂರನೆಯವರೋ ಅಂತಲೂ ನೋಡಬೇಕು. ಕಂಪನಿಯದ್ದಾದರೆ ಚಾಸಿಸ್ ನಂಬರ್ ಇರುವ ಸರ್ಟಿಫಿಕೇಟ್ ಬರುತ್ತದೆ, ಬೇರೆ ಊರಿನ ಸರ್ವಿಸ್ ಸೆಂಟರ್‌ನಲ್ಲೂ ನಡೆಯುತ್ತದೆ.

ಉಳಿದದ್ದು ಬೇಗ ಮುಗಿಯಿತು. 24,900ರ ಆಕ್ಸೆಸರೀಸ್ ಕಿಟ್ ಬೇಡ ಎಂದೆ. 14,500ರ ಟೆಫ್ಲಾನ್ ಮತ್ತು ಅಡಿಭಾಗದ ಕೋಟಿಂಗ್ ಕೂಡ ಬೇಡ ಎಂದೆ. 7,500 ರೂಪಾಯಿ ಹ್ಯಾಂಡ್ಲಿಂಗ್ ಚಾರ್ಜ್ ಏಕೆ ಎಂದಾಗ "ಯಾರ್ಡ್‌ನಿಂದ ತರೋಕೆ" ಎಂದರು. ಶೋರೂಂವರೆಗೆ ತರುವ ಖರ್ಚು ಎಕ್ಸ್ ಶೋರೂಂ ಬೆಲೆಯಲ್ಲೇ ಇದೆ ಅಲ್ವಾ? ಮ್ಯಾನೇಜರ್ ಬಂದು ಗೆರೆ ಎಳೆದು ಹೊಡೆದು ಹಾಕಿದರು. ಫಾಸ್ಟ್ಯಾಗ್ 800 ಇದ್ದದ್ದು 500 ಆಯಿತು.

ಕೊನೆಗೆ ಕೊಟ್ಟದ್ದು ವಾರಂಟಿ ಸೇರಿ 11,93,100. ಮೊದಲ ಕೊಟೇಶನ್‌ಗಿಂತ 74,000 ಕಡಿಮೆ. "ಸಾಲದಲ್ಲೇ ಸೇರಿಸಿಬಿಡೋಣ ಸರ್, ಇಎಂಐ ಸಾವಿರ ಚಿಲ್ಲರೆ ಏರುತ್ತೆ ಅಷ್ಟೆ" ಎಂದು ಅವರು ಕಿಟ್, ಕೋಟಿಂಗ್ ಮುಂತಾದವನ್ನು ಒಪ್ಪಿಸಲು ನೋಡಿದ್ದರು. ಶೇ 9 ಬಡ್ಡಿಯಲ್ಲಿ ಐದು ವರ್ಷಕ್ಕೆ 60,000 ಸಾಲ ಹೆಚ್ಚು ತೆಗೆದರೆ ತಿಂಗಳಿಗೆ ಸುಮಾರು 1,245 ರೂಪಾಯಿ, ಒಟ್ಟು ಬಡ್ಡಿಯೇ ಹದಿನಾಲ್ಕೂವರೆ ಸಾವಿರದ ಮೇಲೆ. ತಿದ್ದಿದ ಕೊಟೇಶನ್‌ಗೆ ಶೋರೂಂ ಸೀಲು, ಮ್ಯಾನೇಜರ್ ಸಹಿ ಹಾಕಿಸಿಕೊಂಡು, ಹಣವನ್ನು ಡೀಲರ್‌ನ ಬ್ಯಾಂಕ್ ಖಾತೆಗೇ ಕಳಿಸಿದೆ. ಡೆಲಿವರಿ ದಿನ ಇನ್‌ವಾಯ್ಸ್, ವಿಮಾ ಪಾಲಿಸಿ, ತೆರಿಗೆ ರಸೀದಿಗಳನ್ನು ಆ ಹಾಳೆಯ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಟಿಕ್ ಹಾಕಿ, ಆಮೇಲೆ ಕೀ ತೆಗೆದುಕೊಂಡೆ.