ಮೂವತ್ತು ವೋಲ್ಟ್ ಸಾಲದು: ಚಲಿಸುವ ಗಡಿಯಿಂದ ಸಾಗಣೆ ಸಂಖ್ಯೆ ಅಳೆದ ನನ್ನ ಅನುಭವ

ದ್ರಾವಣದಲ್ಲಿ ಹರಿಯುವ ವಿದ್ಯುತ್ತಿನಲ್ಲಿ ಒಂದು ಬಗೆಯ ಅಯಾನು ಹೊರುವ ಪಾಲೇ ಸಾಗಣೆ ಸಂಖ್ಯೆ. ಪದವಿ ಪ್ರಯೋಗಾಲಯದಲ್ಲಿ ಅದನ್ನು ಅಳೆಯಲು ಹಿಟ್ಟಾರ್ಫ್ ವಿಧಾನವೇ ಗತಿ ಎಂಬ ನಂಬಿಕೆ ನಮ್ಮ ವಿಭಾಗದಲ್ಲಿ ಗಟ್ಟಿಯಾಗಿತ್ತು. ಅದರಲ್ಲಿ ಎರಡು ದೊಡ್ಡ ಟೈಟ್ರೇಷನ್ ಅಂಕಿಗಳನ್ನು ಕಳೆದು ಉಳಿಯುವ ಚಿಕ್ಕ ವ್ಯತ್ಯಾಸದ ಮೇಲೆ ಎಲ್ಲವೂ ನಿಂತಿರುತ್ತದೆ. ಬ್ಯೂರೆಟ್‌ನಲ್ಲಿ ಒಂದು ಹನಿ ಹೆಚ್ಚಾದರೆ ಉತ್ತರ 0.7 ಆಗುತ್ತದೆ, ಕಡಿಮೆಯಾದರೆ 0.9. ಎರಡು ದ್ರಾವಣಗಳ ನಡುವಿನ ಗಡಿ ಪ್ರವಾಹ ಹರಿದಂತೆ ಎಷ್ಟು ಸರಿಯುತ್ತದೆ ಎಂದು ಅಳೆಯುವ ಚಲಿಸುವ ಗಡಿಯ ವಿಧಾನ ಮಾಡೋಣ ಎಂದಾಗ ಹಿರಿಯ ಸಹೋದ್ಯೋಗಿಯೊಬ್ಬರು, "ಅದು ಪುಸ್ತಕದ ಚಿತ್ರಕ್ಕೆ ಚೆಂದ ಸರ್, ನಮ್ಮ ಪಿಪೆಟ್‌ನಲ್ಲಿ ಗಡಿ ನಿಲ್ಲುವುದಿಲ್ಲ" ಎಂದರು. ನಿಂತಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಒಂದು ಮಿಲಿಲೀಟರ್‌ನ ಗೆರೆ ಪಿಪೆಟ್, ಅದರ ತಳದಲ್ಲಿ ಆನೋಡ್ ಆಗಿ ಲೋಹದ ತುಂಡು, ಮೇಲೆ ಅಗಲ ಬಾಯಿಯಲ್ಲಿ ಸಿಲ್ವರ್ ಕ್ಲೋರೈಡ್ ಲೇಪಿಸಿದ ಬೆಳ್ಳಿ ತಂತಿ, ಒಳಗೆ 0.1 ಮೋಲಾರ್ ಹೈಡ್ರೊಕ್ಲೋರಿಕ್ ಆಮ್ಲ ಮತ್ತು ಗಡಿ ಕಣ್ಣಿಗೆ ಕಾಣಲೆಂದು ಎರಡು ಹನಿ ಬಣ್ಣದ ಸೂಚಕ ಮಿಥೈಲ್ ವಯೊಲೆಟ್. ಬೆಳ್ಳಿ ತಂತಿಯನ್ನು ಅಕ್ಕಸಾಲಿಗರಿಂದ ತಂದೆ. ಪ್ಲಾಟಿನಂನ ಬೆಲೆ ಕೇಳಿದವರಿಗೆ ಅದು ಪುಕ್ಕಟೆ ಎನಿಸುತ್ತದೆ. ಆನೋಡ್‌ಗೆ ಮೊದಲು ಹಳೆಯ ಟಾರ್ಚ್ ಸೆಲ್‌ನ ಸತುವಿನ ಕವಚ ಹಾಕಿ ನೋಡಿದೆ. ಅದು ಆಮ್ಲದಲ್ಲಿ ಗುಳ್ಳೆ ಬಿಟ್ಟು ಇಡೀ ಸ್ತಂಭವನ್ನು ಕಲಕಿತು. ಕೊನೆಗೆ ಕ್ಯಾಡ್ಮಿಯಂ ಕಡ್ಡಿಯನ್ನೇ ತರಿಸಬೇಕಾಯಿತು. ಇಡೀ ಖರ್ಚಿನಲ್ಲಿ ಅದರದೇ ದೊಡ್ಡ ಪಾಲು.

ಕ್ಯಾಡ್ಮಿಯಂ ಕರಗುತ್ತಾ ಹೈಡ್ರೊಜನ್ ಅಯಾನುಗಳ ಹಿಂದೆಯೇ ಮೇಲೇರುತ್ತದೆ. ಕೆಳಗಿನ ಕ್ಯಾಡ್ಮಿಯಂ ಕ್ಲೋರೈಡ್ ದ್ರಾವಣ ಮೇಲಿನ ಆಮ್ಲಕ್ಕಿಂತ ತೂಕದ್ದು, ಹಾಗಾಗಿ ಮಗುಚಿಕೊಳ್ಳುವುದಿಲ್ಲ. ಅದರ ವಾಹಕತೆಯೂ ಕಡಿಮೆ, ಆದ್ದರಿಂದ ಅಲ್ಲಿ ವಿದ್ಯುತ್ ಕ್ಷೇತ್ರ ಜೋರು. ಹಿಂದುಳಿದ ಹೈಡ್ರೊಜನ್ ಅಯಾನನ್ನು ಆ ಕ್ಷೇತ್ರ ಮುಂದಕ್ಕೆ ತಳ್ಳುತ್ತದೆ. ಮುನ್ನುಗ್ಗಿದ ಕ್ಯಾಡ್ಮಿಯಂ ಅಯಾನು ದುರ್ಬಲ ಕ್ಷೇತ್ರಕ್ಕೆ ಬಂದು ನಿಧಾನಿಸುತ್ತದೆ. ಗಡಿ ತನ್ನನ್ನು ತಾನೇ ಹರಿತವಾಗಿಸಿಕೊಳ್ಳುತ್ತದೆ.

ಆದರೆ ಹೆಚ್ಚು ಕಾಡಿದ್ದೂ ಇದೇ ಗುಣ. ಗಡಿ ಏರಿದಂತೆಲ್ಲ ಕೆಳಗಿನ ಭಾಗದ ರೋಧ ಬೆಳೆಯುತ್ತದೆ. ಪ್ರಯೋಗಾಲಯದ 30 ವೋಲ್ಟ್ ಸಪ್ಲೈಯಲ್ಲಿ ಶುರು ಚೆನ್ನಾಗಿತ್ತು; ಹತ್ತು ನಿಮಿಷದೊಳಗೆ ಪ್ರವಾಹ ಕುಸಿಯಿತು. ಬಹಳ ಮಂದಿ ಇಲ್ಲಿಗೇ ಕೈಬಿಡುತ್ತಾರೆ. ನನ್ನ ಪಿಪೆಟ್‌ನಲ್ಲಿ 2 ಮಿಲಿಆಂಪಿಯರ್ ಉಳಿಸಿಕೊಳ್ಳಲು ಅರ್ಧ ಮಿಲಿಲೀಟರ್ ದಾಟುವ ಹೊತ್ತಿಗೆ ಸುಮಾರು 100 ವೋಲ್ಟ್ ಬೇಕಾಯಿತು. ಹದಿನೈದು 9 ವೋಲ್ಟ್ ಬ್ಯಾಟರಿಗಳನ್ನು ಸರಣಿಯಲ್ಲಿ ಕಟ್ಟಿ, ಕೆಟ್ಟ ಸಿಎಫ್‌ಎಲ್ ದೀಪದಿಂದ ಕಿತ್ತ 13003 ಟ್ರಾನ್ಸಿಸ್ಟರ್‌ನಿಂದ ಸ್ಥಿರ ಪ್ರವಾಹದ ಸರ್ಕ್ಯೂಟ್ ಮಾಡಿದೆ. ಆ ಬ್ಯಾಟರಿ ಸಾಲನ್ನು ಬರಿಗೈಯಲ್ಲಿ ಮುಟ್ಟುವ ಧೈರ್ಯ ಬೇಡ. ಪ್ರವಾಹ ಹೆಚ್ಚಿಸಿ ಬೇಗ ಮುಗಿಸುವ ಆಸೆಯೂ ಬೇಡ: ಕೊಳವೆ ಬಿಸಿಯಾಗಿ ಗಡಿ ಬಾಗುತ್ತದೆ. ಗಡಿ ದಾಟಿದ ಗಾತ್ರ ಮತ್ತು ಸಮಯದ ಗ್ರಾಫ್ ಸರಳ ರೇಖೆಯಾಗಿದ್ದರೆ ಮಾತ್ರ ಆ ಓಟವನ್ನು ನಂಬಿ.

ಕ್ಯಾಡ್ಮಿಯಂ ತುಂಡಿನ ಮೇಲೆ ಒಂದೂ ಗುಳ್ಳೆ ಕೂರದಂತೆ ಪಿಪೆಟ್ ತುಂಬಿಸುವ ಉಪಾಯವೊಂದಿದೆ. ಅದು ಸದ್ಯಕ್ಕೆ ನನ್ನ ಬಳಿಯೇ ಇರಲಿ.

ಗಡಿ ಅರ್ಧ ಮಿಲಿಲೀಟರ್ ಏರಲು ಸುಮಾರು 48 ನಿಮಿಷ ಹಿಡಿಯಿತು. ಹರಿದ ಒಟ್ಟು ವಿದ್ಯುದಂಶ 5.8 ಕೂಲಂಬ್. ಅರ್ಧ ಮಿಲಿಲೀಟರ್ ಆಮ್ಲದಲ್ಲಿದ್ದ ಹೈಡ್ರೊಜನ್ ಅಯಾನುಗಳು ಹೊತ್ತದ್ದು 4.8. ಭಾಗಿಸಿದರೆ 0.83. ಪ್ರಕಟಿತ ಮೌಲ್ಯ 0.831. ಪ್ರವಾಹವನ್ನು ಅರ್ಧಕ್ಕಿಳಿಸಿದಾಗಲೂ ಹೆಚ್ಚುಕಡಿಮೆ ಅದೇ ಬಂತು. ಹಿರಿಯರು ಗ್ರಾಫ್ ನೋಡಿ ಏನೂ ಹೇಳಲಿಲ್ಲ, ಪಿಪೆಟ್ ಮಾತ್ರ ಕೈಗೆತ್ತಿಕೊಂಡು ನೋಡಿದರು.

ಹಾಗಾದರೆ ಕ್ಲೋರೈಡ್‌ನ ಪಾಲು 0.17. ಇಲ್ಲಿ ವಿದ್ಯಾರ್ಥಿಗಳು ಕ್ಲೋರೈಡ್ ಅಯಾನು ಸೋಮಾರಿ ಎಂದುಬಿಡುತ್ತಾರೆ. ಸಾಗಣೆ ಸಂಖ್ಯೆ ಹೇಳುವುದು ಪಾಲನ್ನು, ವೇಗವನ್ನಲ್ಲ: ಒಂದು ಅಯಾನಿನ ಚಲನಶೀಲತೆಯನ್ನು ಎರಡರ ಮೊತ್ತದಿಂದ ಭಾಗಿಸಿದಾಗ ಬರುವ ಅಂಕಿ ಅದು. ಜೊತೆಗಾರ ಬದಲಾದರೆ ಪಾಲೂ ಬದಲಾಗುತ್ತದೆ. ಇದನ್ನು ತೋರಿಸಲೆಂದೇ ಅದೇ ಪಿಪೆಟ್‌ನಲ್ಲಿ 0.1 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ತುಂಬಿದೆ. ಇಲ್ಲಿ ಬಣ್ಣದ ನೆರವಿಲ್ಲ. ಹಿಂದಿನಿಂದ ಓರೆಯಾಗಿ ದೀಪ ಹಿಡಿದರೆ ಬೆಳಕು ಮುರಿಯುವ ಸಣ್ಣ ಗೆರೆಯಾಗಿ ಗಡಿ ಕಾಣುತ್ತದೆ. ಕಣ್ಣು ನೋಯುವಷ್ಟು ನೋಡಿ ಪಡೆದ ಉತ್ತರ 0.49ರ ಆಸುಪಾಸು, ಅಂದರೆ ಕ್ಲೋರೈಡ್‌ಗೆ 0.51.

ಈಗ ಎರಡೂ ದ್ರಾವಣಗಳ ಮೋಲಾರ್ ವಾಹಕತೆಯಿಂದ ಆಯಾ ಪಾಲನ್ನು ಗುಣಿಸಿ. ಆಮ್ಲದಲ್ಲಿ 391ರ 0.17 ಭಾಗ, ಲವಣದಲ್ಲಿ 129ರ 0.51 ಭಾಗ. ಎರಡೂ ಕಡೆ ಕ್ಲೋರೈಡ್‌ಗೆ ಸಿಗುವುದು 66. ಅದನ್ನು 96,500ರಿಂದ ಭಾಗಿಸಿದರೆ ಚಲನಶೀಲತೆ: ಸೆಂಟಿಮೀಟರಿಗೆ ಒಂದು ವೋಲ್ಟ್ ಕ್ಷೇತ್ರದಲ್ಲಿ ಸೆಕೆಂಡಿಗೆ ಸುಮಾರು 0.0007 ಸೆಂಟಿಮೀಟರ್. ಹೈಡ್ರೊಜನ್ ಅಯಾನು ಅದರ ಐದು ಪಟ್ಟು ಓಡುವುದರಿಂದಲೇ ಆಮ್ಲದಲ್ಲಿ ಕ್ಲೋರೈಡ್‌ನ ಪಾಲು ಅಷ್ಟು ಕುಗ್ಗಿದ್ದು.