ಪ್ರಾವಿಜನ್, ಅಡ್ವಾನ್ಸ್ ಟ್ಯಾಕ್ಸ್: ರಿಟರ್ನ್ ಆದ ಮೇಲೆ ಲೆಕ್ಕ ಮುಗಿಸುವುದು ಹೇಗೆ?

ಮುಂಬೈಯ ನಮ್ಮವರ ಎಷ್ಟೋ ಹೋಟೆಲುಗಳ ಬ್ಯಾಲೆನ್ಸ್ ಶೀಟಿನಲ್ಲಿ ಹಳೆಯ ವರ್ಷಗಳ ತೆರಿಗೆ ಪ್ರಾವಿಜನ್ ಒಂದು ಕಡೆ, ಅಡ್ವಾನ್ಸ್ ಟ್ಯಾಕ್ಸ್ ಇನ್ನೊಂದು ಕಡೆ ಹಾಗೇ ಉಳಿದಿರುತ್ತವೆ. ರಿಟರ್ನ್ ಸಲ್ಲಿಸಿದ ಮೇಲೆ ಎರಡನ್ನೂ ಹೊಂದಿಸುವ ಎಂಟ್ರಿ ಹಾಕಿರುವುದಿಲ್ಲ, ಅಷ್ಟೇ.

ಸಾಯನ್‌ನ ಒಂದು ಪಾಲುದಾರಿಕೆ ಹೋಟೆಲನ್ನು ಉದಾಹರಣೆಗೆ ತೆಗೆದುಕೊಳ್ಳೋಣ, ವರ್ಷ 2023-24. ಜೂನ್ 15ಕ್ಕೆ ₹90,000, ಸೆಪ್ಟೆಂಬರ್ ಮತ್ತು ಡಿಸೆಂಬರ್ 15ಕ್ಕೆ ತಲಾ ₹1,80,000, ಮಾರ್ಚ್ 15ಕ್ಕೆ ₹50,000, ಹೀಗೆ ಒಟ್ಟು ₹5,00,000 ಕಟ್ಟಲಾಗಿದೆ. ಊಟ ಸರಬರಾಜಿನ ಬಿಲ್ಲಿನಲ್ಲಿ ಕಂಪನಿಗಳು ಕಡಿದುಕೊಂಡ ಟಿಡಿಎಸ್ ₹30,000. ಇವೆರಡೂ ಖರ್ಚಲ್ಲ, ಆಸ್ತಿ. ವರ್ಷದ ಹೆಸರು ಸೇರಿಸಿ ‘ಅಡ್ವಾನ್ಸ್ ಟ್ಯಾಕ್ಸ್ 2023-24’, ‘ಟಿಡಿಎಸ್ 2023-24’ ಎಂದು ಬೇರೆ ಬೇರೆ ಖಾತೆ ತೆರೆಯಿರಿ. ಕಟ್ಟಿದ್ದನ್ನು ಖರ್ಚಿಗೆ ಹಾಕಿ, ಮೇಲೆ ಪ್ರಾವಿಜನ್ನೂ ಮಾಡಿದರೆ ಒಂದೇ ತೆರಿಗೆ ಲಾಭದಿಂದ ಎರಡು ಸಲ ಕಳೆದುಹೋಗುತ್ತದೆ.

ಮಾರ್ಚ್ 31ರ ಲೆಕ್ಕದಲ್ಲಿ ಆದಾಯ ₹18,00,000 ಎಂದು ಅಂದಾಜಿಸಲಾಯಿತು. ಪಾಲುದಾರಿಕೆ ಸಂಸ್ಥೆಗೆ ತೆರಿಗೆ 30%, ಅದರ ಮೇಲೆ 4% ಸೆಸ್, ಅಂದರೆ ₹5,61,600. ಲಾಭ-ನಷ್ಟ ಖಾತೆಗೆ ಡೆಬಿಟ್, ಪ್ರಾವಿಜನ್‌ಗೆ ಕ್ರೆಡಿಟ್.

ಆಡಿಟ್‌ನಲ್ಲಿ ಆದಾಯ ₹20,00,000 ಆಯಿತು. ಕಾರಣ, ವಾಶಿಯ ದಿನಸಿ ವ್ಯಾಪಾರಿಗಳಿಗೆ ಕೊಟ್ಟ ನಗದು. ಒಬ್ಬರಿಗೆ ಒಂದೇ ದಿನ ₹10,000 ಮೀರಿ ನಗದು ಕೊಟ್ಟ ಖರ್ಚನ್ನು ಸೆಕ್ಷನ್ 40ಎ(3) ಸಾಮಾನ್ಯವಾಗಿ ಒಪ್ಪುವುದಿಲ್ಲ. ಅಂಥ ₹2,00,000 ಆದಾಯಕ್ಕೆ ಸೇರಿತು. ತೆರಿಗೆ ₹6,24,000ಕ್ಕೆ ಏರಿ, ₹94,000 ಕೊರತೆ ಬಿತ್ತು.

ಇಲ್ಲಿ ಬಡ್ಡಿಯೂ ಇದೆ. ಟಿಡಿಎಸ್ ಕಳೆದ ತೆರಿಗೆ ₹5,94,000. ಅದರ 90% ಮಾರ್ಚ್‌ನೊಳಗೆ ಕಟ್ಟಿಲ್ಲವಾದ್ದರಿಂದ ಸೆಕ್ಷನ್ 234ಬಿ ಪ್ರಕಾರ ಏಪ್ರಿಲ್‌ನಿಂದ ಆ ಕೊರತೆಯ ಮೇಲೆ ತಿಂಗಳಿಗೆ 1%. ಸೆಪ್ಟೆಂಬರ್‌ನಲ್ಲಿ ಕಟ್ಟಿದರೆ ಆರು ತಿಂಗಳಿಗೆ ₹5,640. ಮೊದಲ ಮೂರು ಕಂತು ಸಾಕಷ್ಟಿದ್ದವು. ಮಾರ್ಚ್ ಕಂತಿನ ಕೊರತೆಗೆ 234ಸಿ ಬಡ್ಡಿ ₹940. ಎಲ್ಲ ಸೇರಿ ₹1,00,580 ಅನ್ನು ಸ್ವಯಂ ನಿರ್ಧಾರಣೆ ತೆರಿಗೆಯಾಗಿ, ಕೋಡ್ 300ರಲ್ಲಿ, ನಿರ್ಧಾರಣಾ ವರ್ಷ 2024-25 ಆರಿಸಿ ಕಟ್ಟಬೇಕು. ವರ್ಷ ತಪ್ಪಿದರೆ ಹಣ ಕಟ್ಟಿದ್ದರೂ ಈ ರಿಟರ್ನ್‌ಗೆ ಜಮೆ ಸಿಗುವುದಿಲ್ಲ.

ರಿಟರ್ನ್ ಸಲ್ಲಿಸಿದ ದಿನ, ಮೊದಲು ವ್ಯತ್ಯಾಸದ ₹62,400 ಅನ್ನು ‘ಹಿಂದಿನ ವರ್ಷದ ತೆರಿಗೆ’ಗೆ ಡೆಬಿಟ್ ಮಾಡಿ ಪ್ರಾವಿಜನ್ ಅನ್ನು ₹6,24,000ಕ್ಕೆ ತನ್ನಿ. ಆಮೇಲೆ ಆ ಪ್ರಾವಿಜನ್‌ಗೆ ಪೂರ್ತಿ ಡೆಬಿಟ್ ಹಾಕಿ, ಅಡ್ವಾನ್ಸ್ ಟ್ಯಾಕ್ಸ್ ₹5,00,000, ಟಿಡಿಎಸ್ ₹30,000, ಸ್ವಯಂ ನಿರ್ಧಾರಣೆ ತೆರಿಗೆ ₹94,000 ಕ್ರೆಡಿಟ್ ಮಾಡಿ. ಉಳಿದ ₹6,580 ಬಡ್ಡಿ ಬೇರೆ ಖಾತೆಗೆ ಹೋಗಲಿ. ಮುಂದಿನ ಆದಾಯ ಲೆಕ್ಕದಲ್ಲಿ ಈ ಬಡ್ಡಿಯನ್ನಾಗಲಿ, ತೆರಿಗೆಯನ್ನಾಗಲಿ ಖರ್ಚೆಂದು ಕಳೆಯುವಂತಿಲ್ಲ.

ಈಗ ನಾಲ್ಕೂ ಖಾತೆ ಸೊನ್ನೆಯಾಗಿರಬೇಕು. ಟಿಡಿಎಸ್‌ನಲ್ಲಿ ಬಾಕಿ ಕಂಡರೆ ಫಾರ್ಮ್ 26ಎಎಸ್ ಜೊತೆ ತಾಳೆ ನೋಡಿ. ಕಡಿದ ಕಂಪನಿ ತನ್ನ ಟಿಡಿಎಸ್ ರಿಟರ್ನ್ ಸಲ್ಲಿಸದಿದ್ದರೆ ಮೊತ್ತ ಅಲ್ಲಿರದು. ಅದನ್ನು ಆತುರದಿಂದ ರೈಟ್ ಆಫ್ ಮಾಡಬೇಡಿ. ಕಂಪನಿಯಿಂದ ಆ ರಿಟರ್ನ್ ಹಾಕಿಸಿ. ಅಷ್ಟರಲ್ಲಿ 143(1) ಸೂಚನೆಯಲ್ಲಿ ಬಾಕಿ ತೋರಿಸಿದ್ದರೆ, 26ಎಎಸ್‌ನಲ್ಲಿ ಮೊತ್ತ ಮೂಡಿದ ಮೇಲೆ ತಿದ್ದುಪಡಿಗೆ ಅರ್ಜಿ ಹಾಕಿ.