ಪುಸ್ತಕ ತೆರೆಯುವ ಮೊದಲು ಖಾಲಿ ಹಾಳೆ

ಎರಡನೇ ವರ್ಷದ ಮೆಡಿಕಲ್ ಓದುತ್ತಿದ್ದಾಗ ನನಗೆ ಬೆನ್ನುಮೂಳೆಯ ಟಿಬಿ ಬಂತು. ಶ್ವಾಸಕೋಶದ ಟಿಬಿಗಾದರೆ ಸಾಮಾನ್ಯವಾಗಿ ಆರು ತಿಂಗಳ ಚಿಕಿತ್ಸೆ. ಮೂಳೆಯದ್ದು ಅಷ್ಟಕ್ಕೇ ಮುಗಿಯುವುದಿಲ್ಲ. ಮಾತ್ರೆ, ಬೆಡ್ ರೆಸ್ಟ್, ಬೆನ್ನಿಗೆ ಬೆಲ್ಟ್ ಅಂತ ವರ್ಷಕ್ಕೂ ಜಾಸ್ತಿ ಕಳೆದು ವಾಪಸ್ ಬಂದಾಗ, ಒಂದೇ ಸಮ ಅರ್ಧ ಗಂಟೆ ಕೂರುವುದೂ ಕಷ್ಟವಾಗಿತ್ತು.

ಹೀಗೆ ಮರಳಿ ಬಂದವರು ಸಾಮಾನ್ಯವಾಗಿ ಪುಸ್ತಕವನ್ನು ಮೊದಲ ಪುಟದಿಂದ ಓದಲು ಶುರು ಮಾಡುತ್ತಾರೆ. ನನ್ನ ಬೆನ್ನು ಅದಕ್ಕೆ ಒಪ್ಪಲಿಲ್ಲ. ಇರುವ ಅರ್ಧ ಗಂಟೆಯನ್ನು, ಗೊತ್ತಿರುವುದನ್ನೇ ಮತ್ತೆ ಓದಿ ಕಳೆಯುವ ಹಾಗಿರಲಿಲ್ಲ. ಹಾಗಾಗಿ ಏನು ಮರೆತಿದೆ, ಏನು ಉಳಿದಿದೆ ಅಂತ ಮೊದಲು ಪತ್ತೆ ಮಾಡಬೇಕಾಯಿತು. ಔಷಧಿ ಬರೆಯುವ ಮೊದಲು ರೋಗ ಯಾವುದು ಅಂತ ನೋಡುವುದಿಲ್ವಾ, ಹಾಗೆ.

ಇಲ್ಲಿ ಒಂದು ಮೋಸ ಇದೆ. ಹಳೆಯ ಪುಸ್ತಕ ತೆರೆದರೆ ಎಲ್ಲಾ ಪರಿಚಿತವಾಗಿಯೇ ಕಾಣುತ್ತದೆ. ಅಂಡರ್‌ಲೈನ್ ಮಾಡಿದ ಸಾಲು, ಅಂಚಿನಲ್ಲಿ ನಮ್ಮದೇ ಕೈಬರಹ. ಓದುತ್ತಾ 'ಹೌದು, ಇದು ಗೊತ್ತು' ಅನ್ನಿಸುತ್ತದೆ. ಪುಸ್ತಕ ಮುಚ್ಚಿ ಅದನ್ನೇ ಹೇಳಿ ನೋಡಿ, ಎರಡು ವಾಕ್ಯಕ್ಕೆ ನಿಂತುಹೋಗುತ್ತದೆ. ಕಂಡಾಗ ಗುರುತು ಹಿಡಿಯುವುದು ಬೇರೆ, ಕಾಣದೆ ನೆನಪಿಸಿಕೊಳ್ಳುವುದು ಬೇರೆ. ವೈವಾದಲ್ಲಿ ಬೇಕಾಗುವುದು ಎರಡನೆಯದು. ರೋಡಿಗರ್ ಮತ್ತು ಕಾರ್ಪಿಕಿ ಅನ್ನುವ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ ಇದೇ ಕಂಡಿತು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ, ನೋಡದೆ ನೆನಪಿಸಿಕೊಂಡು ಬರೆದವರು ಮುಂದಿದ್ದರು.

ನಾನು ಮೊದಲು ಹಿಡಿದದ್ದು ಮೂತ್ರ ಹೆಚ್ಚಿಸುವ ಔಷಧಿಗಳನ್ನು, ಅಂದರೆ ಡೈಯುರೆಟಿಕ್ಸ್. ಅದರಲ್ಲಿ ಫಿಸಿಯಾಲಜಿಯೂ ಇದೆ, ಫಾರ್ಮಕಾಲಜಿಯೂ ಇದೆ, ಒಂದೇ ಕಲ್ಲಿಗೆ ಎರಡು ಹಕ್ಕಿ. ಖಾಲಿ ಹಾಳೆ ಇಟ್ಟುಕೊಂಡು, ಪುಸ್ತಕ ಮುಟ್ಟದೆ ಮೂತ್ರಪಿಂಡದ ಒಂದು ನೆಫ್ರಾನ್‌ನ ಚಿತ್ರ ಬರೆದೆ. ಆಕಾರ ಸಲೀಸಾಗಿ ಬಂತು. ಯಾವ ಔಷಧಿ ಎಲ್ಲಿ ಕೆಲಸ ಮಾಡುತ್ತದೆ ಅನ್ನುವುದೂ ಬಂತು: ಫ್ಯೂರೊಸೆಮೈಡ್ ಹೆನ್ಲೆ ಲೂಪ್‌ನ ಮೇಲೇರುವ ದಪ್ಪ ಭಾಗದಲ್ಲಿ, ಥಯಜೈಡ್ ಅದರ ಮುಂದಿನ ಡಿಸ್ಟಲ್ ಟ್ಯೂಬ್ಯೂಲ್‌ನಲ್ಲಿ, ಸ್ಪೈರೊನೊಲ್ಯಾಕ್ಟೋನ್ ಕೊನೆಯ ಕಲೆಕ್ಟಿಂಗ್ ಡಕ್ಟ್‌ನಲ್ಲಿ. ಆದರೆ ಫ್ಯೂರೊಸೆಮೈಡ್ ಕೊಟ್ಟರೆ ಕ್ಯಾಲ್ಸಿಯಂ ಮೂತ್ರದಲ್ಲಿ ಹೋಗುತ್ತದೋ, ಉಳಿಯುತ್ತದೋ? ಥಯಜೈಡ್‌ಗೆ? ಎರಡಕ್ಕೂ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ.

ಆಮೇಲೆ ಪುಸ್ತಕ ತೆರೆದು ಕೆಂಪು ಪೆನ್ನಿನಲ್ಲಿ ಗುರುತು ಹಾಕಿದೆ. ತಾನಾಗಿ ಬಂದದ್ದಕ್ಕೆ ಟಿಕ್. ಒಂದು ಸುಳಿವು ಸಿಕ್ಕಿದರೆ ಬರುವಂಥದ್ದಕ್ಕೆ ತ್ರಿಕೋನ. ಪೂರ್ತಿ ಅಳಿಸಿಹೋದದ್ದಕ್ಕೆ ಸೊನ್ನೆ. ಓದಿದ್ದು ತ್ರಿಕೋನ ಮತ್ತು ಸೊನ್ನೆಗಳನ್ನು ಮಾತ್ರ. ಇಡೀ ಅಧ್ಯಾಯದಲ್ಲಿ ಓದಬೇಕಾದದ್ದು ಎರಡು ಮೂರು ಪ್ಯಾರಾ ಅಷ್ಟೇ.

ಕ್ಯಾಲ್ಸಿಯಂ ಪ್ರಶ್ನೆಗೆ ಬಿದ್ದದ್ದು ಸೊನ್ನೆ. ಅದರ ಉತ್ತರ ಹೀಗಿದೆ. ಲೂಪ್‌ನ ದಪ್ಪ ಭಾಗದಲ್ಲಿರುವ ಪಂಪ್ ಒಂದು ಸೋಡಿಯಂ, ಒಂದು ಪೊಟ್ಯಾಶಿಯಂ, ಎರಡು ಕ್ಲೋರೈಡ್ ಅನ್ನು ಒಟ್ಟಿಗೆ ಜೀವಕೋಶದ ಒಳಗೆ ತರುತ್ತದೆ (ಕಟ್ಟುನಿಟ್ಟಾಗಿ ಹೇಳಿದರೆ ಅದು ಪಂಪ್ ಅಲ್ಲ, ಕೋಟ್ರಾನ್ಸ್‌ಪೋರ್ಟರ್). ಪೊಟ್ಯಾಶಿಯಂ ಮಾತ್ರ ಮತ್ತೆ ನಾಳದೊಳಕ್ಕೇ ಸೋರುತ್ತದೆ. ಅದರಿಂದ ನಾಳದ ಒಳಗೆ ಪಾಸಿಟಿವ್ ಚಾರ್ಜ್ ಉಳಿದು, ಅದು ಕ್ಯಾಲ್ಸಿಯಂ ಮತ್ತು ಮೆಗ್ನೀಶಿಯಂ ಅನ್ನು ಕೋಶಗಳ ಸಂದಿಯಲ್ಲಿ ಆಚೆ ತಳ್ಳುತ್ತದೆ, ರಕ್ತದ ಕಡೆಗೆ. ಫ್ಯೂರೊಸೆಮೈಡ್ ಈ ಕೋಟ್ರಾನ್ಸ್‌ಪೋರ್ಟರ್ ಅನ್ನು ನಿಲ್ಲಿಸಿದರೆ ಚಾರ್ಜ್ ಇಳಿಯುತ್ತದೆ, ತಳ್ಳುವವರು ಇರುವುದಿಲ್ಲ, ಎರಡೂ ಮೂತ್ರದಲ್ಲಿ ಹೋಗುತ್ತವೆ. ಥಯಜೈಡ್ ಕೆಲಸ ಮಾಡುವ ಜಾಗದಲ್ಲಿ ಕ್ಯಾಲ್ಸಿಯಂ ಒಳಬರುವ ದಾರಿಯೇ ಬೇರೆ, ಅಲ್ಲಿ ಅದು ಉಳಿಯುತ್ತದೆ. ಅದಕ್ಕೇ ಕ್ಯಾಲ್ಸಿಯಂ ಕಲ್ಲು ಮತ್ತೆ ಮತ್ತೆ ಆಗುವವರಿಗೆ ಥಯಜೈಡ್ ಕೊಡುವುದುಂಟು.

ಹಾಳೆ ತಿರುಗಿಸಿ, ಇದನ್ನು ಮತ್ತೆ ನೋಡದೆ ಬರೆದೆ. ಮಾರನೇ ದಿನ ಇನ್ನೊಮ್ಮೆ, ಮೂರು ದಿನ ಬಿಟ್ಟು ಇನ್ನೊಮ್ಮೆ, ವಾರದ ನಂತರ ಮತ್ತೊಮ್ಮೆ. ಪ್ರತಿ ಸಲ ಹೊಸ ಹಾಳೆ. ಸೊನ್ನೆ ತ್ರಿಕೋನವಾಗಿ, ತ್ರಿಕೋನ ಟಿಕ್ ಆದ ಮೇಲೆ ಅಂತರ ಹೆಚ್ಚಿಸಿದೆ.

ಬೇರೆ ವಿಷಯಗಳಲ್ಲೂ ಹೀಗೇ ಮಾಡಿದಾಗ ಮರೆವಿಗೂ ಒಂದು ಲೆಕ್ಕ ಇದೆ ಅನ್ನಿಸಿತು. ಚಿತ್ರಗಳು ಉಳಿದಿದ್ದವು. ಕಾರಣಗಳ ಸರಪಳಿ ಹರಿದಿತ್ತು, ಆದರೆ ಒಂದು ಕೊಂಡಿ ಸಿಕ್ಕರೆ ಉಳಿದದ್ದು ಬೇಗ ಬರುತ್ತಿತ್ತು. ಪೂರ್ತಿ ಹೋಗಿದ್ದು ಬರೀ ಪಟ್ಟಿಗಳು: ಡೋಸ್, ಬ್ಯಾಕ್ಟೀರಿಯಾ ಹೆಸರು, ವರ್ಗೀಕರಣ. ಅಳಿಯದೆ ಉಳಿದ ಪಟ್ಟಿ ಒಂದೇ, ಟಿಬಿ ಔಷಧಿಗಳದ್ದು. ರಿಫಾಂಪಿಸಿನ್‌ನಿಂದ ಮೂತ್ರ ಕಿತ್ತಳೆ ಬಣ್ಣವಾಗುವುದನ್ನು ದಿನಾ ಬೆಳಗ್ಗೆ ನೋಡಿದವನು ಅದನ್ನು ಮರೆಯುವುದು ಹೇಗೆ?

ಹೀಗಾಗಿ ಪಟ್ಟಿಗಳಿಗೆ ಮಾತ್ರ ಫೋನ್‌ನಲ್ಲಿ Anki ಅನ್ನುವ ಫ್ಲ್ಯಾಶ್‌ಕಾರ್ಡ್ ಆ್ಯಪ್ ಹಾಕಿಕೊಂಡೆ. ಬೆನ್ನು ಚಾಚಿ ಮಲಗಿಕೊಂಡೇ ಮಾಡಬಹುದು ಅನ್ನುವುದೂ ಒಂದು ಕಾರಣ. ಒಂದು ಕಾರ್ಡಿಗೆ ಒಂದೇ ಪ್ರಶ್ನೆ. 'ಥಯಜೈಡ್‌ನ ಅಡ್ಡಪರಿಣಾಮಗಳನ್ನು ಬರೆಯಿರಿ' ಅನ್ನುವ ಕಾರ್ಡ್ ಕೆಲಸಕ್ಕೆ ಬಾರದು. ಎಂಟರಲ್ಲಿ ಆರು ಹೇಳಿದರೆ ಅದು ಸರಿಯೋ ತಪ್ಪೋ? 'ಥಯಜೈಡ್ ಕೊಟ್ಟರೆ ಯೂರಿಕ್ ಆ್ಯಸಿಡ್ ಏರುತ್ತದೋ ಇಳಿಯುತ್ತದೋ' ಅಂತ ಕೇಳಿದರೆ ಉತ್ತರ ಸ್ಪಷ್ಟ: ಏರುತ್ತದೆ.

ಕಾಯಿಲೆಯಿಂದ ಬಂದವರಿಗೆ ಈ ಆ್ಯಪ್‌ನಲ್ಲಿ ಒಂದು ತೊಂದರೆ ಇದೆ. ನೋವು ಜಾಸ್ತಿಯಾಗಿ ನಾಲ್ಕು ದಿನ ಬಿಟ್ಟರೆ ನೂರಾರು ಕಾರ್ಡ್ ಬಾಕಿ ಬೀಳುತ್ತವೆ. ಅದನ್ನು ಒಂದೇ ದಿನ ಮುಗಿಸಲು ಹೋದರೆ ಮತ್ತೆ ಹಾಸಿಗೆ. ಅಂಥ ದಿನಗಳಲ್ಲಿ ನಾನು New cards/day ಅನ್ನು 0 ಮಾಡುತ್ತಿದ್ದೆ, Maximum reviews/day ಅನ್ನು ನನ್ನ ಕೈಲಾಗುವ ಮಟ್ಟಕ್ಕೆ ಇಳಿಸುತ್ತಿದ್ದೆ. ಬಾಕಿ ಕರಗುವವರೆಗೆ ಹೊಸ ಕಾರ್ಡ್ ಇಲ್ಲ.

ಎಷ್ಟು ಹೊತ್ತು ಓದಬೇಕು ಅನ್ನುವುದನ್ನು ನಾನು ಗಡಿಯಾರಕ್ಕೆ ಬಿಡಲಿಲ್ಲ. ಒಂದೇ ಸಾಲನ್ನು ಎರಡನೇ ಸಲ ಓದುತ್ತಿದ್ದೇನೆ ಅಂತ ಗೊತ್ತಾದರೆ ಎದ್ದುಬಿಡುತ್ತಿದ್ದೆ. ಇನ್ನೊಂದು ಅಳತೆ ಮಾರನೇ ಬೆಳಗ್ಗೆಯದು. ಎದ್ದಾಗ ಹಿಂದಿನ ದಿನಕ್ಕಿಂತ ಸುಸ್ತು ಇದ್ದರೆ, ನಿನ್ನೆ ಓದಿದ್ದು ಜಾಸ್ತಿಯಾಯಿತು ಅಂತ ಅರ್ಥ. ಒಂದು ವಾರ ಪೂರ್ತಿ ಹಾಗೆ ಆಗದಿದ್ದರೆ ಮಾತ್ರ ದಿನಕ್ಕೆ ಇನ್ನೊಂದು ಸರದಿ ಸೇರಿಸುತ್ತಿದ್ದೆ. ನಿಧಾನ ಅನ್ನಿಸುತ್ತದೆ, ನಿಜ. ಚೆನ್ನಾಗಿರುವ ದಿನ ಓದು ಬಿಟ್ಟು ಸುಮ್ನೆ ಎದ್ದು ಬರುವುದೇ ಕಷ್ಟ.

ಹಳೆಯ ನೋಟ್ಸ್ ಬಗ್ಗೆ ಒಂದು ಮಾತು. ನೀವು ಹೊರಗಿದ್ದಾಗ ಮೆಡಿಸಿನ್ ನಿಂತಿರುವುದಿಲ್ಲ. ನನ್ನ ನೋಟ್ಸ್‌ನಲ್ಲಿ ಹಾರ್ಟ್ ಫೇಲ್ಯೂರ್ ಔಷಧಿಗಳ ಸಾಲಿನಲ್ಲಿ ಡಪಾಗ್ಲಿಫ್ಲೋಜಿನ್ ಥರದವು ಇರಲೇ ಇಲ್ಲ, ಅವು ಸಕ್ಕರೆ ಕಾಯಿಲೆಯ ಪುಟದಲ್ಲಿ ಮಾತ್ರ ಇದ್ದವು. 2021ರ ಯುರೋಪಿಯನ್ ಮಾರ್ಗಸೂಚಿಯಲ್ಲಿ ಅವು ಹಾರ್ಟ್ ಫೇಲ್ಯೂರ್‌ನ ಮುಖ್ಯ ಔಷಧಿಗಳ ಸಾಲಿಗೇ ಬಂದಿವೆ. ಫಿಸಿಯಾಲಜಿ ನೋಟ್ಸ್ ಹಾಗೇ ಬಳಸಿದೆ. ಚಿಕಿತ್ಸೆಯ ಪುಟಗಳನ್ನು ಮಾತ್ರ ಹೊಸ ಆವೃತ್ತಿಯ ಜೊತೆ ಹೋಲಿಸದೆ ಕಾರ್ಡಿಗೆ ಹಾಕಲಿಲ್ಲ.

ಹಾಳೆ, ಕಾರ್ಡ್ ಎರಡೂ ಮುಟ್ಟದ ಜಾಗ ವಾರ್ಡ್. ಲಿವರ್ ಎಷ್ಟು ದೊಡ್ಡದಾಗಿದೆ ಅಂತ ಕೈಯಿಂದ ನೋಡುವುದು, ಮರ್ಮರ್ ಕೇಳುವುದು ನೆನಪಿನಿಂದ ಬರೆದು ತಿರುಗಿ ಬರುವಂಥದ್ದಲ್ಲ. ಜೂನಿಯರ್‌ಗಳ ಬ್ಯಾಚ್‌ನಲ್ಲಿ ನಿಲ್ಲಲು ಪರವಾನಗಿ ಕೇಳಿದೆ. ರೋಗಿಯ ಫೈಲ್ ನೋಡುವ ಮೊದಲು ಸ್ಟೆತ್ ಇಟ್ಟು, ನನಗೆ ಕೇಳಿಸಿದ್ದನ್ನು ಜೇಬಿನ ಚೀಟಿಯಲ್ಲಿ ಬರೆದು, ಆಮೇಲೆ ಎಕೋ ರಿಪೋರ್ಟ್ ಓದುತ್ತಿದ್ದೆ. ಚೀಟಿಗೂ ಅದೇ ಟಿಕ್, ತ್ರಿಕೋನ, ಸೊನ್ನೆ. ಸೊನ್ನೆ ಬಿದ್ದ ರೋಗಿಯ ಹತ್ತಿರ, ಅವರು ಒಪ್ಪಿದರೆ, ರಿಪೋರ್ಟ್ ಗೊತ್ತಿದ್ದುಕೊಂಡೇ ಇನ್ನೊಮ್ಮೆ ಕೇಳಲು ಹೋಗುತ್ತಿದ್ದೆ.